25 ಮೀಟರ್ ದೂರದ ನಂಬರ್ ಪ್ಲೇಟ್ ಮತ್ತು ಎದುರಿನ ಹೆಡ್‌ಲೈಟ್

ಕಳೆದ ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ ಕಡೆಯ ಟೆಂಪೊ ಚಾಲಕರೊಬ್ಬರು ಕಣ್ಣು ತೋರಿಸಲು ನನ್ನ ಬಳಿ ಬಂದಿದ್ದರು. 54 ವರ್ಷ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರೇಲರ್‌ಗೆ ಅವರ ಗಾಡಿ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತ್ತು. "ಹಗಲೊತ್ತು ಎಲ್ಲಾ ಚೊಲೊ ಕಾಣತೈತ್ರಿ ಸಾಹೇಬ್ರ, ಎದರಿಗೆ ಲೈಟ್ ಬಿದ್ರ ರಸ್ತಾನ ಕಾಣಂಗಿಲ್ರಿ. ಲೈಸೆನ್ಸ್ ಮೊನ್ನೆರ ರಿನೀವಲ್ ಆಗೈತ್ರಿ" ಎಂದರು.

ಈ ಕೊನೆಯ ಮಾತನ್ನು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. 40 ದಾಟಿದವರು ಲೈಸೆನ್ಸ್‌ಗಾಗಿ ಸಲ್ಲಿಸುವ ನಮೂನೆ 1-ಎ ಪ್ರಮಾಣಪತ್ರದಲ್ಲಿ ವೈದ್ಯರು ದೃಢಪಡಿಸುವುದು, ಅರ್ಜಿದಾರರು ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು, ಕನ್ನಡಕವಿದ್ದರೆ ಅದನ್ನು ಹಾಕಿಕೊಂಡು, ಗುರುತಿಸಬಲ್ಲರೇ ಎಂಬುದನ್ನು. ಕೆಂಪು, ಹಸಿರು ಬಣ್ಣಗಳನ್ನೂ ನೋಡುತ್ತಾರೆ. ಕಣ್ಣಿಗೆ ನೇರವಾಗಿ ಹೆಡ್‌ಲೈಟ್ ಬಿದ್ದಾಗ ಎಷ್ಟು ಕಾಣುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಮಬ್ಬು ಬೆಳಕಿನ ಕೋಣೆಯಲ್ಲಿ ಅವರು ಫಲಕದ 6/9 ಸಾಲಿನವರೆಗೆ ಸರಾಗವಾಗಿ ಓದಿದರು. ಕಣ್ಣಿನ ಪಕ್ಕದಿಂದ ಟಾರ್ಚ್ ಹಿಡಿದಾಗ ಅದಕ್ಕಿಂತ ದೊಡ್ಡ ಅಕ್ಷರಗಳ 6/24 ಸಾಲನ್ನು ಓದಲೂ ತಡವರಿಸಿದರು. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೋಡಿದರೆ ಮಸೂರದ ಹಿಂಬದಿಯ ಪದರದಲ್ಲಿ, ಸರಿಯಾಗಿ ನಡುವೆ, ಸಕ್ಕರೆ ಹರಳು ಚೆಲ್ಲಿದಂತಹ ಪೊರೆಯಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಬಹುಕಾಲ ಸ್ಟಿರಾಯ್ಡ್ ತೆಗೆದುಕೊಂಡವರಲ್ಲಿ ಇದು ಹೆಚ್ಚು. ಮಂದ ಬೆಳಕಿನಲ್ಲಿ ಪಾಪೆ ಹಿಗ್ಗಿರುವುದರಿಂದ ಪೊರೆಯ ಸುತ್ತಲಿನ ತಿಳಿಯಾದ ಭಾಗದಿಂದ ಬೆಳಕು ಒಳಬರುತ್ತದೆ. ಹೆಡ್‌ಲೈಟ್ ಬಿದ್ದೊಡನೆ ಪಾಪೆ ಕುಗ್ಗಿ, ಬೆಳಕೆಲ್ಲ ಆ ಪೊರೆಯನ್ನೇ ಹಾಯ್ದು ಬರಬೇಕಾಗುತ್ತದೆ. ಅಲ್ಲಿ ಅದು ಚದುರಿ ಅಕ್ಷಿಪಟಲದ ಮೇಲೆಲ್ಲ ಬಿಳಿ ಪರದೆಯಂತೆ ಹರಡುತ್ತದೆ. ಕಪ್ಪು ರಸ್ತೆಯ ಮೇಲಿನ ಕಪ್ಪು ಟ್ರೇಲರ್ ಆ ಪರದೆಯ ಹಿಂದೆ ಮಾಯವಾಗುತ್ತದೆ.

ಹಳದಿ ಗಾಜಿನ "ನೈಟ್ ಕನ್ನಡಕ" ಇದಕ್ಕೆ ಪರಿಹಾರವಲ್ಲ. ಒಳಬರುವ ಬೆಳಕನ್ನೇ ಅದು ಕಡಿಮೆ ಮಾಡುವುದರಿಂದ, ದೀಪವಿಲ್ಲದ ಗಾಡಿ ಇನ್ನಷ್ಟು ತಡವಾಗಿ ಕಾಣುತ್ತದೆ. ಕಣ್ಣು ಕುಕ್ಕುವುದೆಲ್ಲ ಪೊರೆಯಿಂದಲೇ ಎಂದು ಹೇಳಲಾರೆ. ಗೀರು ಬಿದ್ದ ಕನ್ನಡಕ, ಧೂಳು ಹಿಡಿದ ಮುಂಗಾಜು, ಬದಲಾದ ಕನ್ನಡಕದ ನಂಬರ್ ಕೂಡ ಕಾರಣವಿರಬಹುದು, ಅವನ್ನು ಮೊದಲು ನೋಡಬೇಕು. ಆದರೆ ಎದುರಿನ ಗಾಡಿ ದಾಟಿಹೋದ ಮೇಲೂ ರಸ್ತೆ ಕಾಣಲು ಹಿಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ, ದೀಪಗಳ ಸುತ್ತ ಗರಿ ಬಿಚ್ಚಿದಂತೆ ಬೆಳಕು ಹರಡಿದರೆ, ಲೈಸೆನ್ಸ್ ನವೀಕರಣಕ್ಕೆ ಕಾಯದೆ ಆ ವಾರವೇ ಬನ್ನಿ. ಅಲ್ಲಿಯವರೆಗೆ ರಾತ್ರಿ ಗಾಡಿ ಓಡಿಸಬೇಡಿ. ಸಕ್ಕರೆ ಕಾಯಿಲೆ ಇರುವವರು ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ತೋರಿಸಿಕೊಳ್ಳಬೇಕು.

ಪೊರೆ ತೆಗೆದು ಲೆನ್ಸ್ ಹಾಕುವ ಶಸ್ತ್ರಚಿಕಿತ್ಸೆಗೆ ಒಪ್ಪಿದ ಆ ಟೆಂಪೊ ಚಾಲಕರು, ಓದುವ ಕನ್ನಡಕವೂ ಬೇಡವಾಗುವ ಮಲ್ಟಿಫೋಕಲ್ ಲೆನ್ಸ್ ಕೇಳಿದರು. ಆ ಲೆನ್ಸ್‌ನಿಂದ ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುವ ಸಂಭವ ಹೆಚ್ಚು. ರಾತ್ರಿ ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವರಿಗೆ ದೂರಕ್ಕೆ ಹೊಂದಿಸಿದ ಸಾದಾ ಲೆನ್ಸೇ ಲೇಸೆಂದು ಅದನ್ನೇ ಹಾಕಿದೆ. ಈಗ ಅವರು ಬಿಲ್ ಓದುವಾಗ ಕನ್ನಡಕ ಹಾಕಿಕೊಳ್ಳುತ್ತಾರೆ.