ಗೋಡೋ ಹಿಡಿಯಬೇಕೋ, ಯೂನಿಟಿ ಹಿಡಿಯಬೇಕೋ: ಒಂದು ಶುಲ್ಕದ ಜಗಳ ಬದಲಿಸಿದ ಪ್ರಶ್ನೆ

‘ಒಬ್ಬನೇ ಕೂತು ಮೊಬೈಲ್‌ಗೆ ಒಂದು ಪುಟ್ಟ ಟೂ-ಡಿ ಆಟ ಮಾಡಬೇಕು, ಆಟ ಕಟ್ಟುವ ಯಾವ ಎಂಜಿನ್ ಕಲಿಯಲಿ?’ ಎಂದು 2023ರ ಆಗಸ್ಟ್‌ನಲ್ಲಿ ಯಾರಾದರೂ ಕೇಳಿದ್ದರೆ, ಹೆಚ್ಚಿನವರು ಎರಡನೇ ಯೋಚನೆಯಿಲ್ಲದೆ ಯೂನಿಟಿ ಎನ್ನುತ್ತಿದ್ದರು. ಒಂದೇ ತಿಂಗಳಲ್ಲಿ ಆ ಉತ್ತರ ಅಲುಗಾಡಿತು. ಅಲುಗಾಡಿಸಿದ್ದು ಹೊಸ ತಂತ್ರಜ್ಞಾನವಲ್ಲ, ಒಂದು ಬೆಲೆಪಟ್ಟಿ. ತಮಾಷೆಯೆಂದರೆ, ಆ ಬೆಲೆಪಟ್ಟಿಯಿಂದ ಹೊಸಬನ ಜೇಬಿಗೆ ಒಂದು ಪೈಸೆಯ ಹೊರೆಯೂ ಬೀಳುತ್ತಿರಲಿಲ್ಲ. ಆದರೂ ಅವನ ಆಯ್ಕೆಯನ್ನೇ ಅದು ಬದಲಿಸಿತು. ಏಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯೂನಿಟಿ ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ. ಡೇವಿಡ್ ಹೆಲ್ಗಾಸನ್, ನಿಕೋಲಸ್ ಫ್ರಾನ್ಸಿಸ್, ಯೋಆಕಿಮ್ ಆಂಟೆ ಎಂಬ ಮೂವರು ತಾವೇ ಒಂದು ಆಟ ಮಾಡಿದರು. ಆಟ ಓಡಲಿಲ್ಲ, ಅದಕ್ಕಾಗಿ ಕಟ್ಟಿಕೊಂಡಿದ್ದ ಸಲಕರಣೆ ಮಾತ್ರ ಚೆನ್ನಾಗಿತ್ತು. ಅದನ್ನೇ 2005ರಲ್ಲಿ ಮ್ಯಾಕ್ ಕಂಪ್ಯೂಟರಿಗಾಗಿ ಮಾರಾಟಕ್ಕಿಟ್ಟರು. 2008ರಲ್ಲಿ ಐಫೋನ್‌ಗೆ ಆಟ ಕಟ್ಟುವ ಸೌಲಭ್ಯ ಸೇರಿಸಿದರು, ಮರುವರ್ಷ ಉಚಿತ ಆವೃತ್ತಿ ಕೊಟ್ಟರು. ಮೊಬೈಲ್ ಆಟಗಳ ಅಲೆ ಏಳುವ ಹೊತ್ತಿಗೆ ದಡದಲ್ಲಿ ದೋಣಿ ಕಟ್ಟಿ ನಿಂತಿದ್ದವರು ಇವರೇ. ಆದರೆ ಅದು ತ್ರೀ-ಡಿ ಎಂಜಿನ್. ಟೂ-ಡಿಗೆಂದೇ ಸಲಕರಣೆಗಳು ಬಂದದ್ದು 2013ರ ಕೊನೆಗೆ, 4.3 ಆವೃತ್ತಿಯಲ್ಲಿ. ಅವು ಇಂದಿಗೂ ತ್ರೀ-ಡಿ ಲೋಕದೊಳಗೆ ನಿಲ್ಲಿಸಿದ ಚಪ್ಪಟೆ ಚಿತ್ರಗಳೇ. ಅಳತೆ ಪಿಕ್ಸೆಲ್‌ನಲ್ಲಿ ಅಲ್ಲ, ‘ಯೂನಿಟ್’ ಎಂಬ ಲೆಕ್ಕದಲ್ಲಿ.

ಗೋಡೋ ಅರ್ಜೆಂಟೀನಾದ್ದು. ಹ್ವಾನ್ ಲಿನಿಯೆಟ್ಸ್ಕಿ, ಆರಿಯೆಲ್ ಮಂಜುರ್ ಇಬ್ಬರೂ ತಮ್ಮ ಕೆಲಸಕ್ಕೆಂದು ಕಟ್ಟಿಕೊಂಡಿದ್ದ ಎಂಜಿನ್ ಅದು. 2014ರ ಫೆಬ್ರುವರಿಯಲ್ಲಿ ಅದರ ಮೂಲ ಸಂಕೇತವನ್ನೇ ಎಂಐಟಿ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಅದರಲ್ಲಿ ಮಾಡಿದ ಆಟವನ್ನು ಮಾರಬಹುದು. ಆಟದೊಳಗೆ ಎಲ್ಲಾದರೂ ಪರವಾನಗಿಯ ಪಠ್ಯ ತೋರಿಸಬೇಕು, ಅಷ್ಟೇ. ಟೂ-ಡಿಗೆ ಅಲ್ಲಿ ಬೇರೆಯದೇ ವ್ಯವಸ್ಥೆಯಿದೆ, ಅಳತೆ ನೇರ ಪಿಕ್ಸೆಲ್. ಹಾಗಿದ್ದೂ ಬಹಳ ವರ್ಷ ಅದು ಹವ್ಯಾಸಿಗಳ ವಸ್ತುವಾಗಿಯೇ ಉಳಿಯಿತು.

2023ರ ಸೆಪ್ಟೆಂಬರ್ 12ರಂದು ಯೂನಿಟಿ ‘ರನ್‌ಟೈಮ್ ಫೀ’ ಘೋಷಿಸಿತು. ಉಚಿತ ಆವೃತ್ತಿಯಲ್ಲಿ ಮಾಡಿದ ಆಟ 12 ತಿಂಗಳಲ್ಲಿ 2 ಲಕ್ಷ ಡಾಲರ್ ಗಳಿಸಿ, ಒಟ್ಟು 2 ಲಕ್ಷ ಸಲ ಇನ್‌ಸ್ಟಾಲ್ ಆಗಿದ್ದರೆ, ಅಲ್ಲಿಂದ ಮುಂದಿನ ಪ್ರತಿ ಇನ್‌ಸ್ಟಾಲ್‌ಗೆ 20 ಸೆಂಟ್. ಎರಡೂ ಮಿತಿ ದಾಟಿದರೆ ಮಾತ್ರ. ಮೊದಲ ಆಟ ಮಾಡುವವನು ಈ ಅಂಕಿಗಳ ನೆರಳಿಗೂ ಹೋಗುವುದಿಲ್ಲ. ಉರಿ ಎದ್ದದ್ದು ಬೇರೆ ಕಡೆಗೆ: ಈಗಾಗಲೇ ಬಿಡುಗಡೆಯಾದ ಆಟಗಳಿಗೂ 2024ರ ಜನವರಿಯಿಂದ ಈ ಲೆಕ್ಕ ಅನ್ವಯ ಎಂದು ಬಿಟ್ಟಿದ್ದರು. ಹಳೆಯ ಆವೃತ್ತಿ ಬಳಸುವವರು ಆಗಿನ ಷರತ್ತುಗಳಲ್ಲೇ ಉಳಿಯಬಹುದು ಎಂದು 2019ರಲ್ಲಿ ಇದೇ ಕಂಪನಿ ಮಾತು ಕೊಟ್ಟಿತ್ತು. ಜನ ಹೋಗಿ ಹುಡುಕಿದರೆ ಷರತ್ತುಗಳಲ್ಲಿ ಆ ಸಾಲು ಸದ್ದಿಲ್ಲದೆ ಮಾಯವಾಗಿತ್ತು. ಮನೆ ಬಾಡಿಗೆ ಹೆಚ್ಚಿಸುವುದು ಒಂದು. ಹಿಂದಿನ ಕರಾರು ಪತ್ರವನ್ನೇ ಬೀರುವಿನಿಂದ ತೆಗೆದಿಡುವುದು ಇನ್ನೊಂದು.

ಹತ್ತೇ ದಿನದಲ್ಲಿ ಕಂಪನಿ ಹಿಂದೆ ಸರಿಯಿತು. ಉಚಿತ ಆವೃತ್ತಿಯವರಿಗೆ ಶುಲ್ಕ ಇಲ್ಲ, ಉಳಿದವರಿಗೂ ಮುಂದಿನ ಆವೃತ್ತಿಯಿಂದ ಮಾತ್ರ ಎಂದಿತು. ಅಕ್ಟೋಬರ್‌ನಲ್ಲಿ ಮುಖ್ಯಸ್ಥ ಜಾನ್ ರಿಚಿಟಿಯೆಲ್ಲೊ ಹೊರನಡೆದರು. 2024ರ ಸೆಪ್ಟೆಂಬರ್ 12ರಂದು, ಸರಿಯಾಗಿ ವರ್ಷಕ್ಕೆ, ಹೊಸ ಮುಖ್ಯಸ್ಥ ಮ್ಯಾಟ್ ಬ್ರೊಂಬರ್ಗ್ ಶುಲ್ಕವನ್ನೇ ರದ್ದು ಮಾಡಿದರು. ಉಚಿತ ಬಳಕೆಯ ಮಿತಿ ವರ್ಷಕ್ಕೆ 1 ಲಕ್ಷ ಡಾಲರ್‌ನಿಂದ 2 ಲಕ್ಷಕ್ಕೆ ಏರಿತು. ಯೂನಿಟಿ 6ರಲ್ಲಿ ಆಟ ಶುರುವಾಗುವಾಗ ಕಂಪನಿಯ ಲಾಂಛನ ತೋರಿಸಲೇಬೇಕು ಎಂಬ ಕಟ್ಟೂ ಹೋಯಿತು. ಇತ್ತ ಅದೇ 2023ರ ಮಾರ್ಚ್‌ನಲ್ಲಿ ಗೋಡೋ 4.0 ಬಂದಿತ್ತು. ‘ಟೆರಾರಿಯಾ’ ಮಾಡಿದ ರಿ-ಲಾಜಿಕ್ ಗೋಡೋಗೆ 1 ಲಕ್ಷ ಡಾಲರ್ ದೇಣಿಗೆ ಕೊಟ್ಟಿತು. ‘ಸ್ಲೇ ದ ಸ್ಪೈರ್’ನ ಎರಡನೇ ಭಾಗವನ್ನು ಯೂನಿಟಿಯಲ್ಲಿ ಶುರು ಮಾಡಿದ್ದವರು ಗೋಡೋಗೆ ದಾಟಿಕೊಂಡರು.

ಶುಲ್ಕವೇ ಹೋದ ಮೇಲೆ ಇದೆಲ್ಲ ಹಳೆಯ ಕಥೆಯಲ್ಲವೇ ಎನ್ನಬಹುದು. ಮೊಬೈಲ್ ಬಿಟ್ಟು ಬೇರೆ ಕಡೆ ಹೌದೇನೋ. ಕಂಪ್ಯೂಟರ್ ಆಟವನ್ನು ಹಳೆಯ ಆವೃತ್ತಿಯಲ್ಲಿ ಕಟ್ಟಿ, ಹಳೆಯ ಷರತ್ತುಗಳಲ್ಲೇ ವರ್ಷಗಟ್ಟಲೆ ಮಾರಿಕೊಂಡಿರಬಹುದು. ಗೂಗಲ್ ಪ್ಲೇಯಲ್ಲಿ ಅದು ನಡೆಯುವುದಿಲ್ಲ. ಪ್ರತಿ ವರ್ಷ ಅಲ್ಲಿ ಹೊಸ ಆಂಡ್ರಾಯ್ಡ್ ಮಟ್ಟಕ್ಕೆ ಹೊಂದಿಸಿ ಕಟ್ಟಬೇಕೆಂಬ ನಿಯಮವಿದೆ. 2025ರ ನವೆಂಬರ್‌ನಿಂದ, ಆಂಡ್ರಾಯ್ಡ್ 15ಕ್ಕೆ ಹೊಂದಿಸಿದ ಆಟಗಳು ಮೆಮೊರಿಯನ್ನು 16 ಕೆಬಿಯ ತುಂಡುಗಳಲ್ಲಿ ಹಂಚುವ ಫೋನುಗಳಲ್ಲೂ ಓಡಬೇಕು ಎಂಬ ನಿಯಮ ಸೇರಿಕೊಂಡಿತು. ಇದು ಆಟ ಬರೆದವನ ಕೈಯಲ್ಲಿರುವ ಸಂಗತಿಯಲ್ಲ, ಎಂಜಿನ್ನಿನೊಳಗಿನ ಗ್ರಂಥಾಲಯಗಳೆಂಬ ಸಿದ್ಧ ಸಂಕೇತಗಳನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಆಟಕ್ಕೆ ಅಪ್‌ಡೇಟ್ ಕೊಡಬೇಕಾದರೆ ಎಂದಾದರೂ ಹೊಸ ಎಂಜಿನ್ ಹಾಕಿಕೊಳ್ಳಲೇಬೇಕು. ಹೊಸ ಎಂಜಿನ್ ಹಾಕಿದ ದಿನ ಯೂನಿಟಿಯಲ್ಲಾದರೆ ಹೊಸ ಷರತ್ತುಗಳಿಗೂ ಒಪ್ಪಿದಂತೆ. ಗೋಡೋದಲ್ಲೂ ಏರುವ ಕಷ್ಟ ತಪ್ಪದು, ಆದರೆ ಏರಿದ ಮೆಟ್ಟಿಲಲ್ಲಿ ಅದೇ ಪರವಾನಗಿ ಇರುತ್ತದೆ. ನನ್ನ ಮಟ್ಟಿಗೆ 2023ರ ಜಗಳದಿಂದ ಮೊಬೈಲ್ ಆಟದವನು ಕಲಿಯಬೇಕಾದದ್ದು ಇದಿಷ್ಟೇ, 20 ಸೆಂಟ್‌ನ ಲೆಕ್ಕವಲ್ಲ.

ಷರತ್ತುಗಳ ಮಾತು ಸಾಕು, ಆಟಕ್ಕೆ ಬರೋಣ. ಮೇಲಿನಿಂದ ತೆಂಗಿನಕಾಯಿ ಬೀಳುತ್ತದೆ, ಬೆರಳಿನಿಂದ ಬುಟ್ಟಿ ಸರಿಸಿ ಹಿಡಿಯಬೇಕು, ಮೂರು ತಪ್ಪಿದರೆ ಮುಗಿಯಿತು. ಮೊದಲ ಆಟಕ್ಕೆ ಇದಕ್ಕಿಂತ ದೊಡ್ಡದು ಬೇಡ. ಗೋಡೋದಲ್ಲಿ ಬುಟ್ಟಿ ಒಂದು `Area2D`, ಅದರೊಳಗೆ ಚಿತ್ರಕ್ಕೆ `Sprite2D`, ತಾಗಿದ್ದು ಗೊತ್ತಾಗಲು `CollisionShape2D`. ಬುಟ್ಟಿ ಸರಿಸುವ ಸಂಕೇತ ಇಷ್ಟೇ:

```gdscript
extends Area2D

func _input(event):
    if event is InputEventScreenDrag:
        position.x += event.relative.x
```

ಇದನ್ನು ಬರೆದು ಕಂಪ್ಯೂಟರಿನಲ್ಲಿ ಓಡಿಸಿದರೆ ಬುಟ್ಟಿ ಕದಲುವುದಿಲ್ಲ, ಏಕೆಂದರೆ ಮೌಸ್ ಬೆರಳಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ `Emulate Touch From Mouse` ಆನ್ ಮಾಡಿದರೆ ಸರಿ. ಇದು ಗೊತ್ತಿಲ್ಲದೆ ಸರಿಯಾದ ಸಂಕೇತವನ್ನೇ ಸಂಜೆಯಿಡೀ ತಿದ್ದುತ್ತಾ ಕೂರುವವರುಂಟು.

ನಿಜವಾದ ಪೇಚು ಪರದೆಯ ಉದ್ದದ್ದು. ನಾವು 720×1280 ಎಂದು ಆಟ ಬರೆದಿರುತ್ತೇವೆ, ಕೈಯಲ್ಲಿರುವ ಫೋನು 1080×2400. ಗೋಡೋದ `Stretch` ವಿಭಾಗದಲ್ಲಿ `Mode` ಅನ್ನು `disabled` ಎಂದೇ ಬಿಟ್ಟರೆ ಆಟವೆಲ್ಲ ಎಡಗಡೆಯ ಮೇಲ್ಮೂಲೆಗೆ ಹೋಗಿ ಕೂರುತ್ತದೆ. `canvas_items` ಆರಿಸಿ, `Aspect` ಅನ್ನು `keep` ಎಂದು ಬಿಟ್ಟರೆ ಮೇಲೆ ಕೆಳಗೆ ಕಪ್ಪು ಪಟ್ಟಿ. `expand` ಎಂದರೆ ಪರದೆ ತುಂಬುತ್ತದೆ: ಎಲ್ಲವೂ ಒಂದೂವರೆ ಪಟ್ಟು ಹಿಗ್ಗಿ, ಆಟಕ್ಕೆ ಸಿಗುವ ಜಾಗ 720×1600 ಆಗುತ್ತದೆ. ಈಗ 1150ನೇ ಪಿಕ್ಸೆಲ್‌ನಲ್ಲಿ ನಿಲ್ಲಿಸಿದ್ದ ಬುಟ್ಟಿ ನೆಲ ಬಿಟ್ಟು ನಡುಗಾಳಿಯಲ್ಲಿ ತೇಲುತ್ತದೆ. ಅದು ನಿಲ್ಲುವ ಜಾಗವನ್ನು ಪರದೆಯ ಎತ್ತರದಿಂದ, ಅಂದರೆ `get_viewport_rect().size.y`ಯಿಂದ, 130 ಕಳೆದು ಲೆಕ್ಕ ಹಾಕಬೇಕು.

ಯೂನಿಟಿಯಲ್ಲೂ ಇದೇ ರೋಗ, ಲಕ್ಷಣ ಮಾತ್ರ ಬೇರೆ. ಅಲ್ಲಿ ಕ್ಯಾಮೆರಾದ `Size` 5 ಎಂದರೆ ಕಾಣುವ ಎತ್ತರ 10 ಯೂನಿಟ್, ಅದು ಎಲ್ಲ ಫೋನಿನಲ್ಲೂ ಅಷ್ಟೇ. ಬದಲಾಗುವುದು ಅಗಲ. 9:16 ಫೋನಿನಲ್ಲಿ ನಡುವಿನಿಂದ ಅಂಚಿಗೆ ಸುಮಾರು 2.8 ಯೂನಿಟ್, 9:20 ಫೋನಿನಲ್ಲಿ 2.25. 2.6ರಲ್ಲಿ ಬೀಳುವ ಕಾಯಿ ಉದ್ದನೆಯ ಫೋನಿನವನಿಗೆ ಕಾಣುವುದೇ ಇಲ್ಲ, ಅವನ ಲೆಕ್ಕದಲ್ಲಿ ‘ತಪ್ಪಿತು’ ಎಂದು ಮಾತ್ರ ಬೀಳುತ್ತದೆ. ಎರಡರಲ್ಲೂ ಪರಿಹಾರ ನಾಲ್ಕೈದು ಸಾಲು. ಆದರೆ ಪಿಕ್ಸೆಲ್‌ನಲ್ಲಿ ಯೋಚಿಸುವುದು ಹೊಸಬನಿಗೆ ಸುಲಭ. ಕ್ಯಾಮೆರಾ, ಯೂನಿಟ್, ಒಂದು ಯೂನಿಟ್‌ಗೆ ಎಷ್ಟು ಪಿಕ್ಸೆಲ್ ಎಂಬ ಮೂರು ಪದರ ದಾಟಿ ಬರುವುದು ಕಷ್ಟ.

ನಮ್ಮವರಿಗೆ ಇನ್ನೊಂದು ವಿಷಯವುಂಟು, ಇಂಗ್ಲಿಷ್ ಪಾಠಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಆಟದಲ್ಲಿ ‘ಅಂಕ’, ‘ಮತ್ತೆ ಆಡಿ’ ಎಂದು ಕನ್ನಡದಲ್ಲಿ ಬರೆಯಬೇಕಲ್ಲ? ಯೂನಿಟಿಯಲ್ಲಿ ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತದೆ, ಒತ್ತಕ್ಷರ ಕೂಡಿಸುವುದು ಅದಕ್ಕೆ ಗೊತ್ತಿಲ್ಲ. ‘ಮತ್ತೆ’ಯ ತ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ, ನಡುವೆ ಹಲಂತದ ಗುರುತು. ಯೂನಿಟಿ 6ರ ಯುಐ ಟೂಲ್‌ಕಿಟ್‌ನಲ್ಲಿ ಇದಕ್ಕೆ ಹೊಸ ವ್ಯವಸ್ಥೆ ಬಂದಿದೆ, ಆದರೆ ಹೆಚ್ಚಿನ ಪಾಠಗಳು ಹೇಳಿಕೊಡುವ ದಾರಿ ಅದಲ್ಲ. ಗೋಡೋದಲ್ಲೂ 3ನೇ ಆವೃತ್ತಿಯವರೆಗೆ ಇದೇ ಗೋಳು. 4.0ರಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಗ್ರಂಥಾಲಯ ಸೇರಿದ ಮೇಲೆ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಒಂದನ್ನು `Label`ಗೆ ಕೊಟ್ಟರೆ ಒತ್ತು, ಗುಣಿತ ಎಲ್ಲ ಸರಿಯಾಗಿ ಬೀಳುತ್ತದೆ. ಫಾಂಟ್ ಕೊಡದೆಯೂ ಕನ್ನಡ ಕಾಣಬಹುದು, ಆಗ ಅದು ಆಯಾ ಯಂತ್ರದ ಫಾಂಟ್. ಕಂಪ್ಯೂಟರಿನಲ್ಲಿ ಒಂದು ರೂಪ, ಫೋನಿನಲ್ಲಿ ಇನ್ನೊಂದು.

ಗೋಡೋ ಕೈಕೊಡುವ ಕಡೆಯೂ ಇದೆ, ಮುಖ್ಯವಾಗಿ ದುಡ್ಡಿನ ಹತ್ತಿರ. ಯೂನಿಟಿ 2022ರಲ್ಲಿ ಐರನ್‌ಸೋರ್ಸ್ ಎಂಬ ಜಾಹೀರಾತು ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿ ಜಾಹೀರಾತು, ಆಟದೊಳಗಿನ ಖರೀದಿ ಎಲ್ಲ ಕಂಪನಿಯವರೇ ನೋಡಿಕೊಳ್ಳುವ ಭಾಗಗಳು. ಗೋಡೋದಲ್ಲಿ ಆಡ್‌ಮಾಬ್ ಎಂಬ ಗೂಗಲ್‌ನ ಜಾಹೀರಾತು ಸೇವೆ ಬೇಕೆಂದರೆ ಬಳಕೆದಾರರು ಬರೆದಿಟ್ಟ ಪ್ಲಗಿನ್ ಹಾಕಬೇಕು. ಎಂಜಿನ್ ಹೊಸದಾದಾಗ ಪ್ಲಗಿನ್ ಬರೆದವರಿಗೆ ಪುರುಸೊತ್ತು ಸಿಗುವ ತನಕ ಕಾಯಬೇಕು. ಯೂನಿಟಿಯ ಭಾಷೆ ಸಿ-ಶಾರ್ಪ್ ಬರುತ್ತದೆಂದು ಗೋಡೋದಲ್ಲೂ ಅದನ್ನೇ ಹಿಡಿಯುವುದು ಇನ್ನೊಂದು ಬಲೆ: ಅದರಲ್ಲಿ ಬರೆದ ಆಟವನ್ನು ಫೋನಿಗೆ ಕಟ್ಟುವ ಸೌಲಭ್ಯ 4.2ರಲ್ಲಿ ಬಂದದ್ದೇ ‘ಪ್ರಾಯೋಗಿಕ’ ಎಂಬ ಚೀಟಿ ಅಂಟಿಸಿಕೊಂಡು. ಮೊಬೈಲ್‌ಗಾದರೆ ಗೋಡೋದ ಸ್ವಂತ ಭಾಷೆ ಜಿಡಿಸ್ಕ್ರಿಪ್ಟ್‌ನಲ್ಲೇ ಬರೆಯುವುದು ಕ್ಷೇಮ.

ಹಳೆಯ ಪಾಠಗಳ ಕಾಟ ಎರಡೂ ಕಡೆ. ಗೋಡೋ ವಿಡಿಯೊದಲ್ಲಿ `KinematicBody2D` ಕಂಡರೆ ಅದು 3ನೇ ಆವೃತ್ತಿಯದು, ಈಗಿನ ಹೆಸರು `CharacterBody2D`. ಯೂನಿಟಿ ವಿಡಿಯೊದಲ್ಲಿ `Rigidbody2D`ಯ `velocity` ಕಂಡರೆ ಅದು ಯೂನಿಟಿ 6ಕ್ಕಿಂತ ಹಿಂದಿನದು, ಈಗ `linearVelocity`. ವಿಡಿಯೊದ ತಾರೀಖು ನೋಡುವುದಕ್ಕಿಂತ ಈ ಹೆಸರುಗಳನ್ನು ನೋಡುವುದು ನಂಬಿಕೆಗೆ ಅರ್ಹ.

ಹಾಗಾಗಿ ಕನ್ನಡದಲ್ಲಿ ಪುಟ್ಟ ಆಟ ಮಾಡಿ ಪ್ಲೇ ಸ್ಟೋರ್‌ಗೆ ಹಾಕಬೇಕೆನ್ನುವವರಿಗೆ ನಾನು ಗೋಡೋ ಎನ್ನುತ್ತೇನೆ. ಮೊದಲ ದಿನದಿಂದ ಜಾಹೀರಾತಿನ ದುಡ್ಡೇ ಲೆಕ್ಕವಾಗಿದ್ದರೆ, ಅಥವಾ ಬೆಂಗಳೂರಿನ ಮೊಬೈಲ್ ಆಟದ ಕಂಪನಿಯಲ್ಲಿ ಕೆಲಸ ಸೇರುವ ಇರಾದೆಯಿದ್ದರೆ ಯೂನಿಟಿ. ಯಾವುದೇ ಹಿಡಿದರೂ ಪ್ಲೇ ಸ್ಟೋರ್‌ನ ಬಾಗಿಲು ಒಂದೇ: 25 ಡಾಲರ್ ಕಟ್ಟಿ, ಹೊಸ ವೈಯಕ್ತಿಕ ಖಾತೆಯಾದರೆ 12 ಮಂದಿ ಪರೀಕ್ಷಕರನ್ನು ಹಿಡಿದು 14 ದಿನ ಬಿಡದೆ ಉಳಿಸಿಕೊಳ್ಳಬೇಕು. ಆಟ ಬರೆಯುವುದಕ್ಕಿಂತ ಆ 12 ಮಂದಿ ಅಣ್ಣತಮ್ಮಂದಿರನ್ನು ಒಪ್ಪಿಸುವುದೇ ಕಷ್ಟ, ಅದನ್ನು ಬುಟ್ಟಿ ಸರಿಯತೊಡಗಿದ ದಿನವೇ ಶುರು ಮಾಡಿ.