ಚಂದ್ರಶೇಖರ, ಸೋಮಶೇಖರ, ರಾಜಶೇಖರ: ಶಿವನ ಒಂದು ವಿಶೇಷಣ ಒಡೆದ ಬಗೆ

ಸಾಗರ, ತೀರ್ಥಹಳ್ಳಿಗಳ ಕಡೆಯ ಶಾಲೆಗಳ ಹಳೆಯ ಹಾಜರಿ ಪುಸ್ತಕಗಳಲ್ಲಿ ಚಂದ್ರಶೇಖರ, ಸೋಮಶೇಖರ, ರಾಜಶೇಖರ, ಶಶಿಧರ ಎಂಬ ಹೆಸರುಗಳು ಅಕ್ಕಪಕ್ಕದಲ್ಲಿ ಕಾಣಸಿಗುವುದು ಸಾಮಾನ್ಯ. ನಾಲ್ಕೂ ಮೂಲದಲ್ಲಿ ಶಿವನ ಒಂದೇ ವಿಶೇಷಣ: ತಲೆಯಲ್ಲಿ ಚಂದ್ರನನ್ನು ಧರಿಸಿದವನು. ಶೃಂಗೇರಿ ಮಠದಲ್ಲಿ ಪೂಜೆಗೊಳ್ಳುವ ಸ್ಫಟಿಕಲಿಂಗದ ಹೆಸರಾದ ಚಂದ್ರಮೌಳೀಶ್ವರ ಎಂಬುದೂ ಇದನ್ನೇ ಹೇಳುತ್ತದೆ.

ಹೆಸರುಗಳು ಹೆಚ್ಚಲು ಸಂಸ್ಕೃತದಲ್ಲಿ ಚಂದ್ರನಿಗಿರುವ ಪರ್ಯಾಯಪದಗಳು ಒಂದು ಕಾರಣವಾದರೆ, ಜನ್ಮನಕ್ಷತ್ರದ ಪಾದಕ್ಕೆ ತಕ್ಕ ಅಕ್ಷರದಿಂದ ಹೆಸರಿಡುವ ಪದ್ಧತಿ ಇನ್ನೊಂದು. ರೇವತಿಯ ಮೂರನೆಯ ಪಾದಕ್ಕೆ 'ಚಾ', ಪೂರ್ವಾಭಾದ್ರದ ಎರಡನೆಯದಕ್ಕೆ 'ಸೋ', ಚಿತ್ತಾ ನಕ್ಷತ್ರದ ಮೂರನೆಯದಕ್ಕೆ 'ರಾ' ಬರುವುದರಿಂದ, ಮನೆದೇವರು ಶಿವನೇ ಆಗಿದ್ದರೂ ಕ್ರಮವಾಗಿ ಚಂದ್ರಶೇಖರ, ಸೋಮಶೇಖರ, ರಾಜಶೇಖರ ಎಂದು ಹೆಸರಿಡಲು ಅವಕಾಶವಾಗುತ್ತದೆ.

ಆದರೆ ಅರ್ಥ ಬೇರೆಯಾದದ್ದು ಸಮಾಸದಿಂದ, ಇಲ್ಲಿ ತುಸು ನಿಲ್ಲಬೇಕು. ಚಂದ್ರಶೇಖರ ಬಹುವ್ರೀಹಿ ಸಮಾಸ. ನಮ್ಮ 'ಮುಕ್ಕಣ್ಣ'ನ ಹಾಗೆ ಇಲ್ಲಿಯೂ ಪೂರ್ವೋತ್ತರ ಪದಗಳೆರಡನ್ನೂ ಬಿಟ್ಟು ಹೊರಗಿರುವ ಮೂರನೆಯವನೊಬ್ಬನು ಪ್ರಧಾನನಾಗುತ್ತಾನೆ. ಚಂದ್ರನು ಯಾರ ಶಿರೋಭೂಷಣವೋ ಅವನು ಶಿವ. ಕರೆಯುವ ಅನುಕೂಲಕ್ಕೆ ಇದನ್ನು ತುಂಡರಿಸಿದರೆ ಆ ಮೂರನೆಯವನೇ ಕಾಣೆಯಾಗುತ್ತಾನೆ: 'ಚಂದ್ರು' ಎಂದರೆ ಬರೀ ಚಂದ್ರ, 'ಶೇಖರ' ಎಂದರೆ ಬರೀ ಶಿರೋಭೂಷಣ. ಈ ತುಂಡುಗಳನ್ನೇ ಮುಂದಿನ ತಲೆಮಾರು ಪೂರ್ಣನಾಮವಾಗಿ ಇಟ್ಟುಕೊಂಡಾಗ ಹೊಸ ಅರ್ಥವೂ ಅವುಗಳ ಜೊತೆಯಲ್ಲೇ ನೆಲೆಗೊಳ್ಳುತ್ತದೆ.

ರಾಜಶೇಖರನದು ಇದಕ್ಕಿಂತ ಸ್ವಾರಸ್ಯದ ಪ್ರಕರಣ, ಏಕೆಂದರೆ ಇಲ್ಲಿ ಪದವನ್ನು ತುಂಡರಿಸದೆಯೇ ಅರ್ಥ ಹೊರಳುತ್ತದೆ. ಸಂಸ್ಕೃತದಲ್ಲಿ 'ರಾಜ' ಶಬ್ದಕ್ಕೆ ದೊರೆ ಎಂಬಂತೆ ಚಂದ್ರ ಎಂಬ ಅರ್ಥವೂ ಇದೆ. ರಾಜನು, ಅಂದರೆ ಚಂದ್ರನು, ಯಾರ ಶಿರೋಭೂಷಣವೋ ಅವನು ಎಂದು ಬಿಡಿಸಿದರೆ ಬಹುವ್ರೀಹಿಯಾಗಿ ಶಿವನು ಸಿಗುತ್ತಾನೆ; ರಾಜರ ಶೇಖರ ಎಂದು ಬಿಡಿಸಿದರೆ ತತ್ಪುರುಷವಾಗಿ ರಾಜಶ್ರೇಷ್ಠನು ಸಿಗುತ್ತಾನೆ. ಕನ್ನಡದಲ್ಲಿ 'ರಾಜ'ನಿಗೆ ಚಂದ್ರಾರ್ಥ ಬಳಕೆಯಲ್ಲಿ ಉಳಿಯದ ಕಾರಣ ಎರಡನೆಯ ಅರ್ಥವೇ ಗೆದ್ದಿತು. ಕೆಳದಿಯ ಸೋಮಶೇಖರ ನಾಯಕನು ದೊರೆಯಾಗಿದ್ದರೂ ಅವನ ಹೆಸರಿಗೆ ಈ ಗೊಂದಲವಿಲ್ಲ. ಸೋಮವಾರವನ್ನು ಬಲ್ಲವರಿಗೆಲ್ಲ ಸೋಮನೆಂದರೆ ಚಂದ್ರನೇ.

ಶಶಿಧರನ ವಿಷಯದಲ್ಲಿ ಎಚ್ಚರವಿರಬೇಕಾದದ್ದು ಒಂದು ಗುಣಿತಾಕ್ಷರದ ಬಗ್ಗೆ. ಶಶವೆಂದರೆ ಮೊಲ, ಮೊಲದ ಗುರುತುಳ್ಳ ಚಂದ್ರ ಶಶಿ, ಶಶಿಯನ್ನು ಧರಿಸಿದವನು ಶಶಿಧರ, ಅಂದರೆ ಶಿವ. 'ಶಶಧರ' ಎಂದು ಬರೆದರೆ ಮೊಲವನ್ನು ಧರಿಸಿದವನೆಂದಾಗಿ, ಶಿವನ ಬದಲು ಅವನ ತಲೆಯ ಮೇಲಿರುವ ಚಂದ್ರನ ಹೆಸರಾಗುತ್ತದೆ. ನಮ್ಮೂರಿನ ಮದುವೆಯ ಕರೆಯೋಲೆಯೊಂದರಲ್ಲಿ ವರನಿಗೆ ಹೀಗೇ ಆಗಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.