ಬದಲಾವಣೆಯ ಮಾತು: ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಎಂದರೇನು?

"ಬಿಡಬೇಕು ಅಂತ ಇದೆ ಮೇಡಂ. ಆದ್ರೆ ಅದಿಲ್ಲದೆ ಕೈ ಓಡಲ್ಲ."

ಮೂಡಿಗೆರೆ ಕಡೆಯ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಅಕ್ಕ ಒಬ್ಬರು ನನ್ನೆದುರು ಕೂತು ಹೇಳಿದ ಮಾತಿದು. ಸೊಂಟದಲ್ಲಿ ಎಲೆ ಅಡಿಕೆ ಸಂಚಿ, ಅದರೊಳಗೆ ಹೊಗೆಸೊಪ್ಪು. ಇಪ್ಪತ್ತು ವರ್ಷದ ಅಭ್ಯಾಸ. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.)

ಅವರ ಮಾತಿನಲ್ಲಿ ಎರಡು ಮನಸ್ಸು ಒಟ್ಟಿಗೇ ಇದೆ. ಹೀಗೆ ಎರಡು ಮನಸ್ಸಿನಲ್ಲಿ ಇರುವವರ ಜೊತೆ ಮಾತಾಡುವ ಒಂದು ಕ್ರಮಕ್ಕೆ ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಎನ್ನುತ್ತಾರೆ. ಕುಡಿತದ ಸಮಸ್ಯೆ ಇರುವವರ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಇದರ ಬಗ್ಗೆ ಮೊದಲು ಬರೆದರು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದರು. ಕನ್ನಡದಲ್ಲಿ ಕೆಲವರು 'ಪ್ರೇರಣಾ ಸಂದರ್ಶನ' ಅನ್ನುತ್ತಾರೆ. ನನಗೆ ಆ ಪದ ಅಷ್ಟು ಹಿಡಿಸುವುದಿಲ್ಲ. ಪ್ರೇರಣೆ ನಾವು ಕೊಡುವುದು ಅನ್ನುವ ಹಾಗೆ ಕೇಳಿಸುತ್ತದೆ. ಇಲ್ಲಿ ಪ್ರೇರಣೆ ಅವರೊಳಗೇ ಇದೆ. ಅವರ ಬಾಯಿಂದಲೇ ಅದು ಹೊರಗೆ ಬರುವ ಹಾಗೆ ಮಾತಾಡುವುದಷ್ಟೇ ನಮ್ಮ ಕೆಲಸ.

ಹೀಗೆ ಬದಲಾಗುವ ಕಡೆಗೆ ವಾಲಿ ಅವರಾಗಿಯೇ ಆಡುವ ಮಾತಿಗೆ 'ಬದಲಾವಣೆಯ ಮಾತು' ಎಂದು ಹೆಸರು. 'ಬಿಡಬೇಕು ಅಂತ ಇದೆ' ಅನ್ನುವುದು ಅದು. 'ಕೈ ಓಡಲ್ಲ' ಅನ್ನುವುದು ಇದ್ದ ಹಾಗೇ ಇರುವ ಮಾತು. ಮನುಷ್ಯ ಯಾವ ಕಡೆಯ ಮಾತನ್ನು ಜಾಸ್ತಿ ಆಡುತ್ತಾನೋ, ಮನಸ್ಸೂ ನಿಧಾನಕ್ಕೆ ಆ ಕಡೆಗೇ ಸರಿಯುತ್ತದೆ. ಈ ಕ್ರಮದ ಲೆಕ್ಕಾಚಾರವೆಲ್ಲ ನಿಂತಿರುವುದು ಇದರ ಮೇಲೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದನ್ನು ಪೂರ್ತಿ ಉಲ್ಟಾ ಮಾಡುತ್ತಿದ್ದೆ. ಒಬ್ಬ ಹಿರಿಯರಿಗೆ ಬಾಯಿ ಕ್ಯಾನ್ಸರಿನ ಚಿತ್ರ ತೋರಿಸಿ ಅರ್ಧ ಗಂಟೆ ಹೇಳಿದೆ. ನಾನು ಒಂದು ಹೇಳಿದರೆ ಅವರು "ನಮ್ಮಪ್ಪ ತೊಂಬತ್ತು ವರ್ಷ ಹಾಕ್ಕೊಂಡೇ ಬದುಕಿದ್ರು" ಅನ್ನುತ್ತಿದ್ದರು. ಕೊನೆಗೆ "ಆಯ್ತು ಮೇಡಂ" ಎಂದು ಕೈ ಮುಗಿದು ಹೋದರು. ಮತ್ತೆ ಬರಲಿಲ್ಲ. ಬಿಡಬೇಕಾದ ಕಾರಣಗಳನ್ನೆಲ್ಲ ನಾನೇ ಹೇಳಿಬಿಟ್ಟಿದ್ದೆ. ಅವರಿಗೆ ಉಳಿದದ್ದು ಬಿಡದಿರುವ ಕಾರಣಗಳು ಮಾತ್ರ. ಅವನ್ನು ಅವರು ತಮ್ಮ ಬಾಯಲ್ಲೇ ಹೇಳಿ ಹೇಳಿ ಗಟ್ಟಿ ಮಾಡಿಕೊಂಡರು. ಈ ತಿದ್ದುವ ತವಕ ಒಳ್ಳೆಯ ಮನಸ್ಸಿನಿಂದಲೇ ಬರುವುದು. ಅದಕ್ಕೇ ಹಿಡಿಯುವುದು ಕಷ್ಟ.

ಆ ಅಕ್ಕನ ಜೊತೆ ಮಾತು ಹೀಗೆ ಮುಂದುವರಿಯಿತು.

"ಅದಿಲ್ಲದೆ ಕೆಲಸ ಸಾಗಲ್ಲ ಅನ್ನೋದೂ ಇದೆ, ಬಿಡಬೇಕು ಅನ್ನೋದೂ ಇದೆ" ಎಂದೆ.

"ಹೂಂ. ಈಗೀಗ ಸಾರು ಬಾಯಿಗಿಟ್ರೆ ಉರಿ. ಮೊಮ್ಮಗಳು ಹತ್ರ ಬಂದ್ರೆ 'ಅಜ್ಜಿ ವಾಸನೆ' ಅಂತಾಳೆ."

"ಅವಳು ಹತ್ರ ಬರಬೇಕು ಅಂತ ನಿಮಗೆ ಆಸೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. "ಒಂದ್ಸಲ ಮೂರು ದಿನ ಬಿಟ್ಟಿದ್ದೆ ಮೇಡಂ."

"ಮೂರು ದಿನ! ಹೇಗೆ ಬಿಟ್ರಿ ಅಕ್ಕ?"

"ಮಗಳ ಮನೇಲಿ ಹಬ್ಬ. ಸಂಚಿ ಇಲ್ಲೇ ಲೈನ್ ಮನೇಲಿ ಬಿಟ್ಟು ಹೋಗಿದ್ದೆ."

ಇಲ್ಲಿ ನಾನು ಮಾಡಿದ್ದು ಸಣ್ಣ ಕೆಲಸ. ಮೊದಲ ಸಲ ಅವರ ಎರಡೂ ಕಡೆಯನ್ನು ಹೇಳಿದೆ, ಬಿಡುವ ಕಡೆಯನ್ನು ಕೊನೆಗೆ ಇಟ್ಟೆ. ಜನ ಕೊನೆಗೆ ಕೇಳಿದ್ದನ್ನು ಹಿಡಿದುಕೊಂಡು ಮಾತು ಮುಂದುವರಿಸುತ್ತಾರೆ. ನಡುವೆ 'ಆದರೆ' ಹಾಕಲಿಲ್ಲ. 'ಆದರೆ' ಬಂದರೆ ಮೊದಲು ಹೇಳಿದ್ದು ಬಿದ್ದುಹೋಗುತ್ತದೆ, ಅವರು ಅದನ್ನು ಎತ್ತಿ ಹಿಡಿಯಲು ಹೊರಡುತ್ತಾರೆ. ಕನ್ನಡದಲ್ಲಿ 'ಇದೂ ಇದೆ, ಅದೂ ಇದೆ' ಅನ್ನುವ ದೀರ್ಘ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಇನ್ನೊಂದು ವಿಷಯ, ಅವರ ಮಾತನ್ನು ಮರಳಿ ಹೇಳುವಾಗ ಪ್ರಶ್ನೆ ಮಾಡಬಾರದು. "ನಿಮಗೆ ಆಸೆ ಅಲ್ವಾ?" ಎಂದರೆ ಉತ್ತರ "ಹೌದು" ಅಷ್ಟೇ. "ನಿಮಗೆ ಆಸೆ" ಎಂದು ದನಿ ಇಳಿಸಿ ನಿಲ್ಲಿಸಿದರೆ ಮುಂದಿನದು ಅವರಿಂದ ಬರುತ್ತದೆ. ನಮಗೆ 'ಅಲ್ವಾ' ಹಾಕದೆ ಮಾತು ಮುಗಿಸುವ ರೂಢಿಯೇ ಇಲ್ಲ. ನಾನು ಇದನ್ನು ಮನೆಯಲ್ಲಿ ಅಭ್ಯಾಸ ಮಾಡಬೇಕಾಯಿತು.

ಅವರಾಡುವ ಬದಲಾವಣೆಯ ಮಾತು ನಿಜವಾದದ್ದೋ, ಬರೀ ಮರ್ಯಾದೆಗೆ ಹೇಳಿದ್ದೋ ಎಂದು ತಿಳಿಯುವುದು ಹೇಗೆ? ನಮ್ಮಲ್ಲಿ ಇದು ದೊಡ್ಡ ಸಮಸ್ಯೆ. 'ಆಯ್ತು ಮೇಡಂ', 'ನೋಡೋಣ', 'ನೀವು ಹೇಳ್ದಂಗೆ' ಇವೆಲ್ಲ ಬಹಳ ಸಲ ಮಾತು ಮುಗಿಸುವ ದಾರಿ. ನಿಜವಾದ ಮಾತಿನಲ್ಲಿ ನಾವು ಹೇಳಿರದ ವಿವರ ಇರುತ್ತದೆ: ಮೊಮ್ಮಗಳು, ಹಬ್ಬ, ಲೈನ್ ಮನೆಯಲ್ಲಿ ಬಿಟ್ಟ ಸಂಚಿ. 'ಆಯ್ತು ಮೇಡಂ' ಬಂತೆಂದರೆ ನಾನು ಜಾಸ್ತಿ ಮಾತಾಡಿದ್ದೇನೆ ಎಂದು ಅರ್ಥ ಮಾಡಿಕೊಂಡು ನಿಲ್ಲಿಸುತ್ತೇನೆ.

ಮನಸ್ಸು ಎಷ್ಟಿದೆ ಎಂದು ಅಳೆಯಲು ಸೊನ್ನೆಯಿಂದ ಹತ್ತರವರೆಗಿನ ಅಳತೆಯೊಂದನ್ನು ಕಲಿಸುತ್ತಾರೆ. ನಾನು ಆಣೆ ಲೆಕ್ಕದಲ್ಲಿ ಕೇಳುತ್ತೇನೆ. "ಹದಿನಾರಾಣೆ ಅಂದ್ರೆ ಪೂರ್ತಿ ಮನಸ್ಸು. ನಿಮ್ಮದು ಎಷ್ಟಾಣೆ?" ಅಕ್ಕ "ಎಂಟಾಣೆ" ಎಂದರು. "ಹದಿನಾರು ಯಾಕಿಲ್ಲ?" ಎಂದು ಕೇಳಿದ್ದರೆ ಕಷ್ಟಗಳ ಪಟ್ಟಿ ಶುರುವಾಗುತ್ತಿತ್ತು. "ನಾಲ್ಕಾಣೆ ಅಂತ ಯಾಕೆ ಹೇಳಲಿಲ್ಲ?" ಎಂದೆ. ಅದಕ್ಕೆ ಉತ್ತರ ಕೊಡಬೇಕಾದರೆ ಬಿಡುವ ಕಾರಣವನ್ನೇ ಹೇಳಬೇಕು. "ಉರಿ ಜಾಸ್ತಿಯಾಗ್ತಿದೆ, ಹೆದರಿಕೆ ಆಗುತ್ತೆ" ಎಂದರು.

ಹೆದರಿಕೆ ಎಂದ ಮೇಲೆ ಮಾಹಿತಿ ಕೊಡದೆ ಇರಲಾಗದು. ಅದಕ್ಕೂ ಒಂದು ಕ್ರಮ ಇದೆ: ಅವರಿಗೆ ಗೊತ್ತಿರುವುದನ್ನು ಕೇಳಬೇಕು, ಒಪ್ಪಿಗೆ ಪಡೆದು ಒಂದೆರಡು ಮಾತು ಹೇಳಬೇಕು, ಏನನ್ನಿಸಿತು ಎಂದು ಮತ್ತೆ ಕೇಳಬೇಕು. "ನನಗೆ ಗೊತ್ತಿರೋದು ಒಂದು ಹೇಳ್ಲಾ ಅಕ್ಕ?" ಎಂದು ಕೇಳಿ, ಹೊಗೆಸೊಪ್ಪು ಒಂದೇ ಅಲ್ಲ, ಬರೀ ಅಡಿಕೆಯೂ ಬಾಯಿಯ ಒಳಚರ್ಮವನ್ನು ಬಿಗಿ ಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂದೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಕೂತು ಇದನ್ನು ಹೇಳುವುದು ಸುಲಭವಲ್ಲ. ಹೇಳದಿದ್ದರೆ ಮೋಸ ಮಾಡಿದ ಹಾಗೆ. ಬಾಯಿ ತೆರೆದು ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸುತ್ತದಾ ನೋಡಲು ಹೇಳಿದೆ. ಎರಡೇ ಹಿಡಿಸಿದವು.

ಅಲ್ಲಿಗೆ ಮಾತಿನ ಕೆಲಸ ಮುಗಿದು ದಂತವೈದ್ಯರ ಕೆಲಸ ಶುರುವಾಗುತ್ತದೆ. ಉರಿ, ಬಿಗಿದ ಬಾಯಿ, ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಮನಸ್ಸು ಹದವಾಗಲಿ ಎಂದು ಕಾಯಬಾರದು. ಕುಡಿತದಲ್ಲೂ ಹೀಗೇ. ದಿನವೂ ಜಾಸ್ತಿ ಕುಡಿಯುವವರು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಅವರು ಬಿಡುತ್ತೇನೆ ಎಂದ ಕೂಡಲೇ ಡಾಕ್ಟರ ಹತ್ತಿರ ಕಳಿಸಬೇಕು. ಇನ್ನು, ಆಗಲೇ ನಿರ್ಧಾರ ಮಾಡಿ ಬಂದವರಿಗೆ ಈ ಆಣೆ ಲೆಕ್ಕವೆಲ್ಲ ಬೇಡ. ಅವರ ಜೊತೆ ನೇರವಾಗಿ ಯಾವತ್ತು, ಹೇಗೆ ಎಂದು ಮಾತಾಡಿದರೆ ಸಾಕು.

ಕೊನೆಗೆ "ಇಷ್ಟೆಲ್ಲ ಮಾತಾಡಿದ ಮೇಲೆ ಏನು ಮಾಡೋಣ ಅನ್ನಿಸ್ತಿದೆ ಅಕ್ಕ?" ಎಂದು ಕೇಳಿದೆ. ಅವರು ಸಂಚಿ ಮುಟ್ಟಿ ನೋಡಿಕೊಂಡರು. "ಬಾಯಿ ತೋರಿಸ್ತೀನಿ. ಬೆಳಿಗ್ಗೆ ಒಂದು ಹಾಕ್ಕೊಳ್ತೀನಿ, ಸುಳ್ಳು ಹೇಳಲ್ಲ. ಆದ್ರೆ ನಾಳೆಯಿಂದ ಸಂಚಿ ತೋಟಕ್ಕೆ ತಗೊಂಡು ಹೋಗಲ್ಲ. ಲೈನ್ ಮನೇಲೇ ಇರಲಿ."

'ಹೋಗಲ್ಲ' ಎಂದರು, 'ಹೋಗಬಾರದು' ಎನ್ನಲಿಲ್ಲ. ನಾನು ಚೀಟಿಯಲ್ಲಿ ಅದನ್ನು ಅವರ ಮಾತಿನಲ್ಲೇ ಬರೆದುಕೊಂಡೆ.